ನಮಸ್ಕಾರದ ಜೊತೆಗೆ ಬಂದ ನೋಟೀಸು

ಪ್ರಶ್ನೆ: ನಾನು ನಿವೃತ್ತ ಗ್ರಾಮ ಲೆಕ್ಕಿಗ. ಊರಿನವರು, ನೆಂಟರು, ನೆಂಟರ ಪರಿಚಯದವರು ವಾಟ್ಸ್‌ಆ್ಯಪ್‌ನಲ್ಲಿ ‘ನಮಸ್ಕಾರ ಸಾರ್’ ಎಂದು ಬರೆದು, ಅದರ ಕೆಳಗೆ ಪಹಣಿಯನ್ನೋ ನೋಟೀಸನ್ನೋ ಇಡಿಯಾಗಿ ಅಂಟಿಸಿ ಸುಮ್ಮನಾಗುತ್ತಾರೆ. ‘ಏನು ಬೇಕು?’ ಎಂದರೆ ಕೆಲವರು ಮುನಿಸಿಕೊಂಡು ಮಾತು ನಿಲ್ಲಿಸುತ್ತಾರೆ. ಪೂರ್ತಿ ವಿವರಿಸಿ ಬರೆದರೆ ‘ಅದಲ್ಲ ಸಾರ್’ ಎನ್ನುತ್ತಾರೆ. ಇಂಥವರಿಗೆ ಏನೆಂದು ಉತ್ತರಿಸಬೇಕು?
— ಒಬ್ಬ ಓದುಗರು, ತುಮಕೂರು ಜಿಲ್ಲೆ

ಸಂಪಾದಕರ ಉತ್ತರ:

ಮಾನ್ಯರೇ,

ಅವರು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮ್ಮನ್ನು ಪರೀಕ್ಷಿಸುತ್ತಿಲ್ಲ. ಹೆಚ್ಚಿನವರಿಗೆ ತಮ್ಮ ಪ್ರಶ್ನೆ ಯಾವುದೆಂದೇ ಗೊತ್ತಿರುವುದಿಲ್ಲ. ತಾಲ್ಲೂಕು ಕಚೇರಿಯ ಮೊಹರಿರುವ ಕಾಗದವೊಂದು ಮನೆಗೆ ಬಂದಿದೆ, ಓದಿದರೆ ತಲೆಬುಡ ತಿಳಿಯುತ್ತಿಲ್ಲ, ತಿಳಿದವರಿಗೆ ಕಳಿಸಿದರೆ ಅವರೇ ಏನಾದರೂ ಹೇಳಿಯಾರು ಎಂಬ ನಂಬಿಕೆ. ‘ಏನು ಬೇಕು?’ ಎಂಬ ನಿಮ್ಮ ಮಾತು ಅವರಿಗೆ ಕೌಂಟರಿನ ಕಿಂಡಿಯ ಹಿಂದಿನಿಂದ ಬಂದ ದನಿಯಂತೆ ಕೇಳಿಸುತ್ತದೆ. ಉದ್ದನೆಯ ವಿವರಣೆ ಏಕೆ ನಾಟುವುದಿಲ್ಲ ಎಂಬುದಕ್ಕೆ ಬೇರೆ ಕಾರಣವಿದೆ. ಕಾಗದ ಒಂದೇ ಆದರೂ ಅದನ್ನು ಹಿಡಿದವರು ಯಾರು ಎಂಬುದರ ಮೇಲೆ ಪ್ರಶ್ನೆ ಬೇರೆಯಾಗುತ್ತದೆ. ಆ ಒಂದು ಸಂಗತಿ ಗೊತ್ತಿಲ್ಲದೆ ಬರೆದ ಎರಡು ಪುಟ ಯಾರಿಗೂ ಸೇರಿದ್ದಲ್ಲ.

ನಮ್ಮ ಪತ್ರಿಕೆಯ ನಂಬರಿಗೂ ಹೀಗೆಯೇ ಕಾಗದಗಳು ಬರುತ್ತವೆ. ಒಂದನ್ನು ಗುರುತು ಸಿಗದಂತೆ ಅಂಕಿ ಬದಲಿಸಿ ಇಲ್ಲಿ ಕೊಡುತ್ತೇನೆ. ‘ನಮಸ್ಕಾರ ಸಾರ್’ ಎಂಬುದರ ಕೆಳಗೆ ಖಾತೆ ಬದಲಾವಣೆಯ ನೋಟೀಸಿನ ಪಠ್ಯ. ಸರ್ವೆ ನಂಬರು 48/2, ಒಟ್ಟು ವಿಸ್ತೀರ್ಣ 3.30.00, ಖರಾಬು 0.06.00, ಉಳಿಕೆ 3.24.00. ವಿಭಾಗ ಪತ್ರದಂತೆ ಮೂವರು ಅಣ್ಣತಮ್ಮಂದಿರಿಗೆ ಕ್ರಮವಾಗಿ 1.08.00, 1.08.00, 0.38.00. ಆಕ್ಷೇಪಣೆ ಇದ್ದವರು ನಿಗದಿತ ಅವಧಿಯೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು. ಅಷ್ಟೇ.

ಇದನ್ನು ಕಳಿಸಿದವರು ಹಿರಿಯಣ್ಣನಾದರೆ ಅವರ ಪ್ರಶ್ನೆ, ಪಹಣಿಯಲ್ಲಿ ನನ್ನ ಹೆಸರು ಯಾವಾಗ ಬರುತ್ತದೆ ಎಂಬುದು. ಕಿರಿಯನಾದರೆ, ನನಗೇಕೆ ಕಡಿಮೆ ಎಂಬುದು. ಮದುವೆಯಾಗಿ ಹೋದ ಅಕ್ಕನಾದರೆ, ನನ್ನ ಹೆಸರೇ ಇಲ್ಲವಲ್ಲ ಎಂಬುದು. ಪಕ್ಕದ ಜಮೀನಿನವರಾದರೆ ದಾರಿಯ ಚಿಂತೆ, ಕೊಳ್ಳಲು ಬಂದವರಾದರೆ ಮುಂಗಡ ಕೊಡಬಹುದೇ ಎಂಬ ಲೆಕ್ಕಾಚಾರ. ಹಿರಿಯಣ್ಣನಿಗೆ ನೆಮ್ಮದಿ ಕೊಡುವ ಉತ್ತರ ಅಕ್ಕನಿಗೆ ಕೇಡು ಮಾಡೀತು. ಆದ್ದರಿಂದ ಕೇಳಬೇಕಾದ್ದು ‘ನಿಮಗೇನು ಬೇಕು’ ಎಂದಲ್ಲ, ‘ಈ ಕಾಗದದಲ್ಲಿ ನೀವು ಯಾರು’ ಎಂದು. ಇದಕ್ಕೆ ಎಂಥವರೂ ಉತ್ತರಿಸಬಲ್ಲರು. ಯೋಚಿಸುವ ಕಷ್ಟವೇ ಇಲ್ಲ. ಅವರು ಯಾರೆಂದು ತಿಳಿದರೆ ಪ್ರಶ್ನೆಯ ಮುಕ್ಕಾಲು ಪಾಲು ನಿಮಗೇ ಹೊಳೆಯುತ್ತದೆ.

ಆದರೆ ಬರಿದೇ ಪ್ರಶ್ನೆ ಹಾಕಿ ಕೂರಬಾರದು. ಅವರ ಕಾಗದವನ್ನು ನೀವು ಓದಿದ್ದೀರಿ ಎಂಬುದು ನಿಮ್ಮ ಮೊದಲ ಸಾಲಿನಲ್ಲೇ ಕಾಣಬೇಕು. ಓದುವಾಗ ನಿಮ್ಮಂಥವರ ಕಣ್ಣು ತಾನಾಗಿಯೇ ಹೋಗುವ ಜಾಗ ಎರಡು: ದಿನಾಂಕ ಮತ್ತು ಕೂಡಿಕೆ.

ದಿನಾಂಕದ ವಿಷಯ ನಿಮಗೆ ಹೇಳಬೇಕಿಲ್ಲ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 129ನೇ ಕಲಮಿನ ನೋಟೀಸಿಗೆ ಗಡುವಿನೊಳಗೆ ತಕರಾರು ಬಂದರೆ ಅದನ್ನು ವಿವಾದಿತ ಪ್ರಕರಣವೆಂದು ದಾಖಲಿಸಿ ವಿಚಾರಣೆ ಮಾಡುತ್ತಾರೆ. ಬಾರದಿದ್ದರೆ ನಮೂದು ದೃಢವಾಗುತ್ತದೆ. ಆಮೇಲೆ ಉಳಿಯುವುದು 136(2)ರ ಮೇಲ್ಮನವಿ, ಅದೂ ಆದೇಶ ತಲುಪಿದ ಅಥವಾ ನಮೂದು ತಿಳಿದ 60 ದಿನಗಳೊಳಗೆ. ಒಂದು ಕಾಗದದಲ್ಲಿ ಮುಗಿಯುತ್ತಿದ್ದ ಕೆಲಸ ಉಪವಿಭಾಗಾಧಿಕಾರಿಯ ಕಚೇರಿಗೆ ಅಲೆಯುವಲ್ಲಿಗೆ ಬರುತ್ತದೆ. ಕಳಿಸಿದವರು ಯಾರೇ ಆಗಿರಲಿ, ಯಾವ ಪ್ರಶ್ನೆಯೇ ಇರಲಿ, ಗಡುವಿನ ಮಾತು ಮಾತ್ರ ಅವರು ಕೇಳುವ ಮೊದಲೇ ಹೇಳಬೇಕಾದದ್ದು.

ಕೂಡಿಕೆಯಲ್ಲಿ ಸ್ವಲ್ಪ ನಿಧಾನಿಸಬೇಕು. 3.24 ಎಂದರೆ ಮೂರೂಕಾಲಿಗೆ ಸಮೀಪ ಎಂದುಕೊಳ್ಳುವ ಓದು ಬಲ್ಲವರನ್ನೂ ನಾನು ನೋಡಿದ್ದೇನೆ. ಅದು ಮೂರು ಎಕರೆ ಇಪ್ಪತ್ತನಾಲ್ಕು ಗುಂಟೆ. ಎಕರೆಗೆ 40 ಗುಂಟೆಯಂತೆ 144 ಗುಂಟೆ. ಮೂವರಿಗೆ ಸಮನಾಗಿ ಹಂಚಿದರೆ ತಲಾ 48, ಅಂದರೆ 1.08. ಇಬ್ಬರಿಗೆ ಅಷ್ಟೇ ಬಂದಿದೆ, ಕಿರಿಯವನಿಗೆ 38. ಮೂರನ್ನೂ ಕೂಡಿದರೆ 134. ಹತ್ತು ಗುಂಟೆ ಕಾಣುವುದಿಲ್ಲ.

ಇಲ್ಲಿಯೇ ಕೈ ತುರಿಸುತ್ತದೆ. ‘ತಮ್ಮನಿಗೆ ಹತ್ತು ಗುಂಟೆ ಮೋಸವಾಗಿದೆ’ ಎಂದು ಬರೆದುಬಿಟ್ಟರೆ ಆ ಸಾಲು ಸಂಜೆಯೊಳಗೆ ಮನೆಯ ಎಲ್ಲರ ಫೋನಿಗೂ ಹೋಗುತ್ತದೆ, ನಿಮ್ಮ ಹೆಸರಿನ ಸಮೇತ. ಆದರೆ ನಿಮ್ಮ ಮುಂದಿರುವುದು ನೋಟೀಸಲ್ಲ, ನೋಟೀಸಿನಿಂದ ಎತ್ತಿ ಅಂಟಿಸಿದ ಪಠ್ಯ. ಕೋಷ್ಟಕವನ್ನು ನಕಲಿಸಿ ಅಂಟಿಸಿದರೆ ಗೆರೆಗಳು ಮಾಯವಾಗುತ್ತವೆ, ಒಂದು ಕಾಲಮಿನ ಅಂಕಿ ಇನ್ನೊಂದರ ಬದಿಗೆ ಜಾರುತ್ತದೆ, ಪುಟದ ಕೊನೆಯ ಸಾಲು ಉಳಿದೇ ಹೋಗುತ್ತದೆ. ಫೋಟೋದಿಂದ ಅಕ್ಷರ ಎತ್ತಿದ್ದಾದರೆ 3 ಮತ್ತು 8 ಅದಲು ಬದಲಾಗುವುದು ಮಾಮೂಲು. ಹಳೆಯ ನುಡಿ ಫಾಂಟಿನ ಕಡತವಾದರಂತೂ ‘ಕನ್ನಡ’ ಎಂಬುದೇ `PÀ£ÀßqÀ` ಎಂದು ಬರುತ್ತದೆ. ಹಾಗೆ ಬಂದಾಗ ಮೋಸ ಹೋಗುವ ಭಯವಿಲ್ಲ, ಓದಲಾಗದು ಎಂದು ಎಲ್ಲರಿಗೂ ಕಾಣುತ್ತದೆ. ಅಪಾಯವಿರುವುದು ಚೆನ್ನಾಗಿ ಓದಿಸಿಕೊಳ್ಳುವ, ಆದರೆ ಒಂದು ಸಾಲು ಕಳೆದುಕೊಂಡ ಪಠ್ಯದಲ್ಲಿ. ಕೂಡಿಕೆ ತಾಳೆಯಾಗದಿದ್ದರೆ ಮೊದಲ ಅನುಮಾನ ಅಂಟಿಸಿದ ಪಠ್ಯದ ಮೇಲಿರಲಿ, ಅಣ್ಣಂದಿರ ಮೇಲೆ ಬೇಡ.

ನಾವು ಕಳಿಸಿದ ಉತ್ತರ ಇಷ್ಟು:

‘ನಮಸ್ಕಾರ. ನೀವು ಕಳಿಸಿದ್ದು 48/2ರ ಖಾತೆ ಬದಲಾವಣೆಯ ನೋಟೀಸು, ಓದಿದೆ. ಇದರಲ್ಲಿ ತಕರಾರು ಹೇಳಲು ಗಡುವಿದೆ. ನೋಟೀಸು ನಿಮ್ಮ ಕೈಗೆ ಬಂದ ದಿನವನ್ನು ಈಗಲೇ ಒಂದು ಕಡೆ ಬರೆದಿಟ್ಟುಕೊಳ್ಳಿ. ಇಲ್ಲಿ ಅಂಟಿಸಿರುವ ಅಂಕಿ ಕೂಡಿದರೆ ಉಳಿಕೆಗಿಂತ ಹತ್ತು ಗುಂಟೆ ಕಡಿಮೆ ಬರುತ್ತದೆ. ಅಂಟಿಸುವಾಗ ಒಂದು ಸಾಲು ಬಿಟ್ಟುಹೋಗಿರಬಹುದು, ಮೂಲ ಕಾಗದದ ಎರಡೂ ಬದಿಯ ಫೋಟೋ ಕಳಿಸಿ. ಈ ಮೂರು ಹೆಸರುಗಳಲ್ಲಿ ನಿಮ್ಮದು ಯಾವುದು? ಅಥವಾ ನೀವು ಬೇರೆಯವರೇ?’

ಇದರಲ್ಲಿ ಕಾನೂನಿನ ಕಲಮು ಒಂದೂ ಇಲ್ಲ ಎಂಬುದನ್ನು ಗಮನಿಸಿ. ಹೆಣ್ಣುಮಕ್ಕಳ ಪಾಲಿನ ಮಾತನ್ನೂ ಎತ್ತಿಲ್ಲ. ಆ ಹಕ್ಕು ನಮ್ಮ ರಾಜ್ಯದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ತಿದ್ದುಪಡಿಯಾಗಿ ಬಂದದ್ದು ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ಆ ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರೆಯೇ, ಆಸ್ತಿ ಪಿತ್ರಾರ್ಜಿತವೇ ಎಂಬುದು ಕಾಗದದಲ್ಲಿಲ್ಲ. ಕೇಳಿದವರು ಅಕ್ಕ ಎಂದು ತಿಳಿದ ಕ್ಷಣ ಅದೇ ಮೊದಲ ಮಾತಾಗಬೇಕು, ಅಲ್ಲಿಯವರೆಗೆ ಅದು ಊಹೆ.

ಸಂಜೆ ಫೋಟೋ ಬಂತು. ಎರಡನೆಯ ಪುಟದ ತಲೆಯಲ್ಲಿ ನಾಲ್ಕನೆಯ ಸಾಲು: ತಾಯಿಯ ಹೆಸರಿಗೆ 0.10.00. ಕೂಡಿಕೆ 144ಕ್ಕೆ ಸರಿಹೋಯಿತು. ಕಳಿಸಿದವರು ಕಿರಿಯವರೇ. ತಾಯಿ ಅವರ ಜೊತೆಗೇ ಇರುವುದರಿಂದ ಆ ಹತ್ತು ಗುಂಟೆಯನ್ನು ಅವರ ಪಾಲಿನಿಂದಲೇ ಎತ್ತಿಟ್ಟಿದ್ದಂತೆ. ಅವರ ಆತಂಕ ಪಾಲಿನದ್ದೇ ಆಗಿರಲಿಲ್ಲ. ‘ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು’ ಎಂಬ ಸಾಲನ್ನು ಓದಿ, ಹಾಜರಾಗದಿದ್ದರೆ ದಂಡ ಹಾಕುತ್ತಾರೇನೋ ಎಂದು ಹೆದರಿದ್ದರು. ‘ಕ್ರಮ’ ಎಂದರೆ ಖಾತೆ ಬದಲಾವಣೆ ಮುಂದುವರಿಯುತ್ತದೆ ಎಂದಷ್ಟೇ. ವಿಭಾಗಕ್ಕೆ ನಿಮ್ಮ ಒಪ್ಪಿಗೆ ಇದ್ದರೆ ತಕರಾರು ಹೇಳುವ ಅಗತ್ಯವಿಲ್ಲ ಎಂದು ಎರಡು ಸಾಲು ಬರೆದೆವು. ನಾವು ಮೊದಲೇ ಎರಡು ಪುಟ ಬರೆದಿದ್ದರೆ ಅದರಲ್ಲಿ ಈ ಎರಡು ಸಾಲು ಇರುತ್ತಿರಲಿಲ್ಲ.

ಕಾಗದದೊಳಗಿನ ಮಾತನ್ನು ಕಳಿಸಿದವರ ಮಾತೆಂದು ತಿಳಿಯಬಾರದು ಎಂಬುದೂ ಇದಕ್ಕೇ ಸೇರಿದ್ದು. ನೋಟೀಸಿನಲ್ಲಿ ‘ಲಿಖಿತವಾಗಿ ಸಲ್ಲಿಸತಕ್ಕದ್ದು’ ಎಂದಿರುವುದನ್ನು ನೋಡಿ ಕೆಲವರು ಆ ಹೊತ್ತಿಗೇ ತಕರಾರು ಅರ್ಜಿಯ ಕರಡು ಬರೆದು ಕಳಿಸುತ್ತಾರೆ. ಯಾರೂ ಕೇಳದ ಕರಡು ಅದು. ಅದಕ್ಕೆ ಸಹಿ ಹಾಕಿ ಕೊಟ್ಟುಬಂದ ಮೇಲೆ ಒಪ್ಪಿಗೆಯ ವಿಭಾಗವೂ ವಿವಾದಿತ ಪ್ರಕರಣವಾಗುತ್ತದೆ. ಯಾರೋ ಬರೆದುಕೊಟ್ಟ ಅರ್ಜಿಯನ್ನೇ ಅಂಟಿಸಿ ಕಳಿಸಿದಾಗಲೂ ಅಷ್ಟೇ. ತಿದ್ದಿಕೊಡಿ ಎಂದು ಅವರು ಹೇಳಿಲ್ಲ. ಅದು ಅವರದ್ದೋ, ಅವರ ಮೇಲೆ ಎದುರಾಳಿ ಹಾಕಿದ್ದೋ ನಿಮಗೆ ಗೊತ್ತಿಲ್ಲ. ಎದುರಾಳಿಯ ಅರ್ಜಿಯನ್ನು ಅಚ್ಚುಕಟ್ಟಾಗಿ ತಿದ್ದಿಕೊಟ್ಟರೆ ನಗೆಪಾಟಲು.

ಬರಿಯ ಪಹಣಿ ಬಂದಾಗ ಗಡುವು ಇರುವುದಿಲ್ಲ, ಆದ್ದರಿಂದ ಉತ್ತರ ಇನ್ನೂ ಚಿಕ್ಕದಾಗಬಹುದು. 9ನೇ ಕಾಲಮಿನಲ್ಲಿ ಯಾರ ಹೆಸರಿದೆ, 11ರಲ್ಲಿ ಸಾಲವೋ ನ್ಯಾಯಾಲಯದ ತಡೆಯೋ ನಮೂದಾಗಿದೆಯೇ ಎಂದು ಒಂದು ಸಾಲಿನಲ್ಲಿ ಹೇಳಿ, ‘ಇದು ನಿಮ್ಮ ಜಮೀನೇ, ಕೊಳ್ಳಲು ನೋಡುತ್ತಿರುವುದೇ?’ ಎಂದು ಕೇಳಿದರೆ ಸಾಕು. ಕೊಳ್ಳುವವರಾದರೆ ಪಹಣಿಯ ನಮೂದು ಸುಳ್ಳೆಂದು ತೋರಿಸುವವರೆಗೆ ನಿಜವೆಂದು ಭಾವಿಸುವಂಥದ್ದು ಮಾತ್ರ, ಹಕ್ಕುಪತ್ರವಲ್ಲ ಎಂಬ ಮಾತು ಆಮೇಲೆ ಬರುತ್ತದೆ.

ಫೋಟೋದಲ್ಲಿ ಆಧಾರ್ ಸಂಖ್ಯೆಯೋ ಬ್ಯಾಂಕಿನ ಖಾತೆಯೋ ಇದ್ದರೆ ಅದನ್ನು ಮುಚ್ಚಿ ಮತ್ತೆ ಕಳಿಸಲು ಹೇಳಿ, ಮೊದಲಿನದನ್ನು ಅಳಿಸಿಬಿಡಿ. ಪರಿಚಿತ ವಕೀಲರನ್ನು ಕೇಳಬೇಕಾದಾಗಲೂ ಕಳಿಸಿದವರ ಒಪ್ಪಿಗೆ ಪಡೆದೇ ಮುಂದೆ ಕಳಿಸಿ. ಆ ಕಾಗದದಲ್ಲಿ ಅವರದ್ದಲ್ಲದ ಇನ್ನೂ ಎರಡು ಮೂರು ಮನೆಗಳ ವಿಷಯ ಇರುತ್ತದೆ.

ಮತ್ತೆ, ಕಾಗದ ಬಂದ ತಕ್ಷಣ ಬೆರಳು ಓಡಿಸಬೇಡಿ. ಹಳ್ಳಿಯ ನೆಟ್‌ವರ್ಕಿನಲ್ಲಿ ನಮಸ್ಕಾರ ಮೊದಲು ಹೋಗುತ್ತದೆ, ಕಾಗದ ಆಮೇಲೆ, ಪ್ರಶ್ನೆ ಹೇಳಿರುವ ಧ್ವನಿ ಸಂದೇಶ ಎಲ್ಲಕ್ಕಿಂತ ಕೊನೆಗೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಎಷ್ಟೋ ಸಲ ನೀವು ಕೇಳಬೇಕೆಂದಿದ್ದನ್ನು ಅವರೇ ಹೇಳಿರುತ್ತಾರೆ. ಹೇಳದಿದ್ದರೆ ಮೇಲಿನಂಥ ನಾಲ್ಕು ಸಾಲು ಬರೆಯಿರಿ. ಅದಕ್ಕೂ ಮರುಮಾತು ಬಾರದಿದ್ದರೆ, ಗಡುವಿರುವ ಕಾಗದಕ್ಕೆ ಗಡುವಿನ ಮೊದಲು ಒಂದು ಫೋನು ಮಾಡಿ. ಗಡುವಿಲ್ಲದ್ದಕ್ಕೆ ಅದೂ ಬೇಡ.