ಹೊಸ ಊರಿನ ಕೆಲಸವನ್ನು ಮನೆಯಿಂದಲೇ ಆರಂಭಿಸಲು ಕೇಳುವುದು ಹೇಗೆ?

"ಬೇರೆ ಊರಿನಲ್ಲಿ ಕೆಲಸ ಸಿಕ್ಕಿದೆ. ಕುಟುಂಬಕ್ಕೆ ಮನೆ ಹೊಂದಿಸುವವರೆಗೆ ಕೆಲವು ವಾರ ಇಲ್ಲಿಂದಲೇ ಕೆಲಸ ಮಾಡುತ್ತೇನೆಂದು ಕೇಳಬಹುದೇ?"

ಖಂಡಿತ ಕೇಳಬಹುದು, ಆದರೆ ಆಫರ್ ಲೆಟರ್ ಕೈಸೇರಿದ ನಂತರ, ಅದಕ್ಕೆ ಸಹಿ ಹಾಕುವ ಮುನ್ನ ಕೇಳಿ. ಸಹಿಯಾದ ಮೇಲೆ ಕೇಳಿದರೆ ಒಪ್ಪಿಕೊಂಡ ಷರತ್ತನ್ನೇ ಬದಲಿಸಲು ಹೊರಟಂತೆ ಕಾಣುತ್ತದೆ.

"ಕೆಲವು ವಾರ" ಎಂದಷ್ಟೇ ಹೇಳಬೇಡಿ. ಕೊನೆಯ ದಿನ ಗೊತ್ತಿಲ್ಲದ ವಿನಾಯಿತಿ ಕೊಡಲು ಯಾವ ಮ್ಯಾನೇಜರ್ ಆದರೂ ಹಿಂಜರಿಯುತ್ತಾರೆ. ಸೇರುವ ದಿನ ಜೂನ್ 1 ಆಗಿದ್ದರೆ ಹೀಗೆ ಬರೆಯಬಹುದು: "ಜೂನ್ 1 ಮತ್ತು 2ರಂದು ಕಚೇರಿಗೆ ಬಂದು ದಾಖಲೆಗಳ ಪರಿಶೀಲನೆ ಮುಗಿಸಿ, ಲ್ಯಾಪ್‌ಟಾಪ್ ಪಡೆದುಕೊಳ್ಳುತ್ತೇನೆ. 3ರಿಂದ 21ರವರೆಗೆ ಕಚೇರಿಯ ವೇಳೆಯಲ್ಲೇ ಮನೆಯಿಂದ ಕೆಲಸ ಮಾಡಿ, 22ರಿಂದ ಕಚೇರಿಗೆ ಬರುತ್ತೇನೆ. ಈ ಅವಧಿಯಲ್ಲಿ ಕುಟುಂಬಕ್ಕೆ ಬಾಡಿಗೆ ಮನೆ ಹೊಂದಿಸಿಕೊಳ್ಳಬೇಕಿದೆ." ಮನೆಯ ಕೀಲಿ ಸಿಗುವ ಅಂದಾಜಿಗೆ ಒಂದು ವಾರ ಸೇರಿಸಿಯೇ ಕೊನೆಯ ದಿನ ಹೇಳಿ. ಏಕೆಂದರೆ ಮತ್ತೊಮ್ಮೆ ವಿಸ್ತರಣೆ ಕೇಳುವುದು ಮೊದಲ ಸಲ ಕೇಳುವುದಕ್ಕಿಂತ ಕಷ್ಟ.

ಎಡವಟ್ಟಾಗುವುದು ಸಾಮಾನ್ಯವಾಗಿ ಇಲ್ಲಿ: ಮ್ಯಾನೇಜರ್ ಫೋನಿನಲ್ಲಿ "ಆಗಲಿ" ಎನ್ನುತ್ತಾರೆ, ಆ ಮಾತು ಎಚ್‌ಆರ್ ವಿಭಾಗಕ್ಕೆ ತಲುಪಿರುವುದಿಲ್ಲ, ಹಾಜರಾತಿಯಲ್ಲಿ ನೀವು ಗೈರೆಂದು ದಾಖಲಾಗಿ ಮೊದಲ ಸಂಬಳವೇ ಕಡಿತವಾಗಬಹುದು. ಆದ್ದರಿಂದ ಮನೆಯಿಂದ ಕೆಲಸ ಆರಂಭವಾಗುವ ಮತ್ತು ಮುಗಿಯುವ ಎರಡೂ ದಿನಾಂಕಗಳಿರುವ ಇಮೇಲ್ ಅಥವಾ ತಿದ್ದಿದ ಆಫರ್ ಲೆಟರ್ ಎಚ್‌ಆರ್‌ನಿಂದ ಬಂದ ನಂತರವೇ ಒಪ್ಪಿಗೆ ಸಿಕ್ಕಿದೆಯೆಂದು ತಿಳಿಯಿರಿ.

ಯಂತ್ರ, ಪ್ರಯೋಗಾಲಯ ಅಥವಾ ಕಚೇರಿಯ ಹೊರಗೆ ತೆರೆಯಲಾಗದ ಮಾಹಿತಿಯ ಕೆಲಸವಾದರೆ ಈ ಕೋರಿಕೆ ಈಡೇರುವುದು ಕಷ್ಟ. ಅಂಥಲ್ಲಿ ಸೇರುವ ದಿನವನ್ನೇ ಮುಂದೂಡಲು ಅಥವಾ ಎರಡು ವಾರದ ತಾತ್ಕಾಲಿಕ ವಸತಿ ಕೊಡಲು ಕೇಳಿ.