ಅಡಿಕೆ ತೋಟದ ಆದಾಯ ಮತ್ತು ಜೀವನಾಂಶ

ಪ್ರಶ್ನೆ: ಗಂಡನಿಗೆ ಸಂಬಳ ಇಲ್ಲ, ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ ಇದೆ. ಡಿವೋರ್ಸ್ ಆದ್ಮೇಲೆ ಜೀವನಾಂಶ ಒಂದೇ ಸಲ ಕೇಳಲಾ, ತಿಂಗಳಿಗಿಷ್ಟು ಅಂತಲಾ?

ಒಂದೇ ಸಲ ಕೇಳುವುದು ಒಳ್ಳೆಯದು, ಅವರಿಂದ ಅಷ್ಟು ಹಣ ಹುಟ್ಟುವುದಾದರೆ. ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್ ಎರಡಕ್ಕೂ ಅವಕಾಶ ಕೊಡುತ್ತದೆ. ಸಂಬಳದಾರನಾದರೆ ತಿಂಗಳ ಕಂತು ಸುಲಭ. ಅಡಿಕೆಯ ದುಡ್ಡು ಬರುವುದು ಕೊಯ್ಲು ಮುಗಿದು ಮಂಡಿಗೆ ಹಾಕಿದ ಮೇಲೆ. ಕೊಳೆ ರೋಗ ಬಂದ ವರ್ಷ "ಕೈಲಿ ಏನೂ ಇಲ್ಲ" ಅಂತಾರೆ, ನೀವು ಬಾಕಿ ವಸೂಲಿಗೆ ಮತ್ತೆ ಕೋರ್ಟಿಗೆ ಅಲೆಯಬೇಕು.

ನಿಮ್ಮ ಖರ್ಚು ತಿಂಗಳಿಗೆ 15,000 ಅಂದುಕೊಳ್ಳಿ. ಹತ್ತು ವರ್ಷಕ್ಕೆ 18 ಲಕ್ಷ. ಇಡೀ ಮೊತ್ತ ಇವತ್ತೇ ಸಿಕ್ಕರೆ ಬಡ್ಡಿಯೂ ಬರುತ್ತದಲ್ವಾ, ಹಾಗಾಗಿ ಚೌಕಾಸಿಯಲ್ಲಿ ಸ್ವಲ್ಪ ಇಳಿಯಬಹುದು. ಇದಕ್ಕೆ ಸಿದ್ಧ ಲೆಕ್ಕ ಇಲ್ಲ. ಜಡ್ಜ್ ನಿಮ್ಮ ವಯಸ್ಸು, ದುಡಿಮೆ, ಅವರ ಆಸ್ತಿ, ಸಾಲ ಎಲ್ಲ ನೋಡುತ್ತಾರೆ. ಇಬ್ಬರೂ ಆಸ್ತಿ-ಸಾಲದ ಅಫಿಡವಿಟ್ ಕೊಡಬೇಕು. ಅದರಲ್ಲಿ ಆದಾಯ ಕಮ್ಮಿ ತೋರಿಸುವುದು ಮಾಮೂಲಿ. ಪಹಣಿ, ಮಂಡಿ ಬಿಲ್ಲು ಈಗಲೇ ಹೊಂದಿಸಿಕೊಳ್ಳಿ.

ತಿಂಗಳ ಕಂತೇ ಆದರೆ ತೋಟದ ಮೇಲೆ ಚಾರ್ಜ್ ಕೇಳಿ, ಅಂದರೆ ಅವರು ಕೊಡದಿದ್ದರೆ ಬಾಕಿಯನ್ನು ತೋಟದಿಂದಲೇ ವಸೂಲಿ ಮಾಡುವ ಹಕ್ಕು. ಮುಂದೆ ಪರಿಸ್ಥಿತಿ ಬದಲಾದರೆ ಆ ಮೊತ್ತ ಏರಬಹುದು, ಇಳಿಯಬಹುದು. ನೀವು ಮರುಮದುವೆಯಾದರೆ ರದ್ದೂ ಆಗಬಹುದು.