ರ್‍ಯಾಕಿನಲ್ಲಿ ಉಳಿದ ಪಾರ್ಸೆಲ್ ಕೂಡ ಲೆಕ್ಕಕ್ಕೆ ಬರಲಿ

*ದಾವಣಗೆರೆಯಲ್ಲಿ ಒಂದು ಡೆಲಿವರಿ ಹಬ್ ನಡೆಸುತ್ತಿದ್ದೇನೆ. 18 ಹುಡುಗರಿದ್ದಾರೆ. ವಾರದ ರಿಪೋರ್ಟಿನಲ್ಲಿ 31 ಕಾಲಂ ಇವೆ, ಯಾರೂ ಓದುವುದಿಲ್ಲ. ಒಂದೇ ಪುಟಕ್ಕೆ ಇಳಿಸಬೇಕು ಅಂತಿದ್ದೇನೆ. ಯಾವುದನ್ನು ಇಟ್ಟುಕೊಳ್ಳಲಿ? ಇನ್ನೊಂದು ಮಾತು. ನಮ್ಮ ಆನ್‌ಟೈಮ್ 95% ಇದೆ, ಆದರೂ ದೂರಿನ ಫೋನ್ ನಿಲ್ಲುತ್ತಿಲ್ಲ. ಒಂದು ವಾರದ ಹಾಳೆ ಜೊತೆಗಿಟ್ಟಿದ್ದೇನೆ.*
*— ಓದುಗರೊಬ್ಬರು, ದಾವಣಗೆರೆ*

ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಹಾಳೆಯನ್ನು ಎರಡು ಸಲ ನೋಡಿದೆ. ಆ ವಾರ ಮುಟ್ಟಿಸಬೇಕಿದ್ದ ಪಾರ್ಸೆಲ್ 5,400. ಮುಟ್ಟಿದ್ದು 4,860. ಅದರಲ್ಲಿ ಹೇಳಿದ ದಿನಕ್ಕೇ ಮುಟ್ಟಿದ್ದು 4,617. ನಿಮ್ಮ ಸಾಫ್ಟ್‌ವೇರ್ 4,617ನ್ನು 4,860ರಿಂದ ಭಾಗಿಸಿ 95% ಅಂತ ತೋರಿಸಿದೆ. ಅಂದರೆ ಮುಟ್ಟಿದ ಪಾರ್ಸೆಲ್‌ಗಳನ್ನು ಮಾತ್ರ ಎಣಿಸಿದೆ. ಮುಟ್ಟದೇ ಉಳಿದ 540 ಅದರ ಕಣ್ಣಿಗೇ ಬಿದ್ದಿಲ್ಲ. ಫೋನ್ ಮಾಡಿ ಬಯ್ಯುತ್ತಿರುವವರಲ್ಲಿ ಬಹಳಷ್ಟು ಜನ ಆ 540ರವರೇ ಅಲ್ವಾ? 5,400ರಿಂದ ಭಾಗಿಸಿ ನೋಡಿ, 85.5% ಬರುತ್ತದೆ. ಪುಟದಲ್ಲಿ ಮೊದಲು ಬರೆಯಬೇಕಾದ ಸಂಖ್ಯೆ ಅದು.

ಇದರ ಜೊತೆ ಇನ್ನೊಂದು ಎಚ್ಚರ. 'ಹೇಳಿದ ದಿನ' ಅಂದರೆ ಗ್ರಾಹಕರಿಗೆ ಮೊದಲು ಹೇಳಿದ ದಿನ. ಒಂದು ಸಲ ತಪ್ಪಿದ ಮೇಲೆ ಕೆಲವು ಸಾಫ್ಟ್‌ವೇರ್‌ಗಳು ಹೊಸ ತಾರೀಖು ಹಾಕಿಕೊಳ್ಳುತ್ತವೆ. ಆಗ ಮೂರು ದಿನ ತಡವಾದ ಪಾರ್ಸೆಲ್ ಕೂಡ ಆನ್‌ಟೈಮ್ ಆಗಿಬಿಡುತ್ತದೆ. ಗ್ರಾಹಕರೇ 'ಗುರುವಾರ ತನ್ನಿ' ಅಂದಿದ್ದರೆ ಅದನ್ನು ಬೇರೆ ಎಣಿಸಿ.

ಪತ್ರಿಕೆಗೆ ಬರುವ ಮೊದಲು ನಾನು ಆರು ವರ್ಷ ಒಂದು ಕೊರಿಯರ್ ಶಾಖೆಯ ಲೆಕ್ಕ ನೋಡುತ್ತಿದ್ದೆ. ಅಲ್ಲಿ ಕಲಿತದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ. ಒಂದು ಸಂಖ್ಯೆ ಪುಟಕ್ಕೆ ಬೇಕೋ ಬೇಡವೋ ಅಂತ ನೋಡಲು ಅದರ ಪಕ್ಕ ಪೆನ್ಸಿಲಿನಲ್ಲಿ ಬರೆಯಿರಿ: ಇದು ಕೆಟ್ಟರೆ ಸೋಮವಾರ ಯಾರು ಏನು ಮಾಡುತ್ತಾರೆ? ಬರೆಯಲು ಏನೂ ತೋಚದಿದ್ದರೆ ಅದು ಹಿಂದಿನ ಹಾಳೆಗೆ ಹೋಗಲಿ. ನಿಮ್ಮ 31ರಲ್ಲಿ ಒಟ್ಟು ಕಿಲೋಮೀಟರ್, ಸರಾಸರಿ ಡೆಲಿವರಿ ಸಮಯ, ಆ್ಯಪ್‌ನ ಸ್ಟಾರ್, ಇವೆಲ್ಲ ಹೀಗೇ ಉದುರಿಹೋಗುತ್ತವೆ. ಇವತ್ತು ಎಷ್ಟು ಹುಡುಗರು ರಜೆ ಅನ್ನುವುದು ಬೇಕೇ ಬೇಕು, ಆದರೆ ಅದು ಬೆಳಗಿನ ಬೋರ್ಡಿಗೆ. ವಾರ ಕಳೆದ ಮೇಲೆ ನೋಡಿ ಏನು ಮಾಡುತ್ತೀರಿ?

ಎರಡನೆಯದಾಗಿ ಮೊದಲ ಸಲಕ್ಕೇ ಮುಟ್ಟಿದ್ದೆಷ್ಟು ಅನ್ನುವುದನ್ನು ಇಟ್ಟುಕೊಳ್ಳಿ. ನಿಮ್ಮಲ್ಲಿ ಅದು 4,212, ಅಂದರೆ 78%. ಹಬ್‌ನ ದುಡ್ಡು ಸೋರುವುದು ಇಲ್ಲೇ. ಒಮ್ಮೆ ವಾಪಸ್ ಬಂದ ಪಾರ್ಸೆಲ್ಲನ್ನು ಮತ್ತೆ ವಿಂಗಡಿಸಬೇಕು, ಮತ್ತೆ ಬ್ಯಾಗಿಗೆ ಹಾಕಬೇಕು, ಅದೇ ಬೀದಿಗೆ ಮತ್ತೆ ಪೆಟ್ರೋಲ್ ಸುಡಬೇಕು.

ಈ ಸಂಖ್ಯೆಯ ವಿಷಯದಲ್ಲಿ ನಮ್ಮ ಶಾಖೆಯಲ್ಲಿ ಒಂದು ತಪ್ಪು ಮಾಡಿದೆವು. ನನಗೆ ಇವತ್ತಿಗೂ ಬೇಜಾರಿದೆ. ಹುಡುಗರ ಹೆಸರಿನ ಮುಂದೆ ಅವರವರ ಶೇಕಡಾವಾರು ಬರೆದು ಗೋಡೆಗೆ ಅಂಟಿಸಿದೆವು. ಮೂರೇ ವಾರಕ್ಕೆ ಸಂಖ್ಯೆ ಏರಿತು, ನಮಗೆ ಖುಷಿಯೋ ಖುಷಿ. ಆಮೇಲೆ ರ್‍ಯಾಕ್ ನೋಡಿದರೆ ತುಂಬಿಹೋಗಿದೆ. ವಿಳಾಸ ಸರಿಯಿಲ್ಲದ್ದು, ಊರ ಹೊರಗಿನದು, ಲಿಫ್ಟಿಲ್ಲದ ನಾಲ್ಕನೇ ಮಹಡಿಯದು, ಯಾವುದನ್ನೂ ಹುಡುಗರು ಬ್ಯಾಗಿಗೆ ಹಾಕಿಕೊಂಡಿರಲಿಲ್ಲ. ತೆಗೆದುಕೊಂಡು ಹೋಗದಿದ್ದರೆ ಪ್ರಯತ್ನವೇ ಆಗಲಿಲ್ಲ, ಪ್ರಯತ್ನ ಆಗದಿದ್ದರೆ ಸೋಲೂ ಇಲ್ಲ. ತಪ್ಪು ಆ ಹುಡುಗರದ್ದಲ್ಲ. ನಾವು ಏನನ್ನು ಎಣಿಸಿದೆವೋ ಅದನ್ನು ಅವರು ಕೊಟ್ಟರು.

ಹಾಗಾಗಿ ಈ ಸಂಖ್ಯೆಯನ್ನು ಒಂಟಿಯಾಗಿ ಬಿಡಬೇಡಿ. ಅದರ ಪಕ್ಕದಲ್ಲೇ ಮೂರು ದಿನಕ್ಕಿಂತ ಜಾಸ್ತಿ ರ್‍ಯಾಕಿನಲ್ಲಿರುವ ಪಾರ್ಸೆಲ್ ಎಷ್ಟು ಅಂತ ಬರೆಯಿರಿ. ಶೇಕಡಾ ಬೇಡ, ಎಣಿಕೆಯೇ ಇರಲಿ. '1.2%' ಅಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. '64 ಪಾರ್ಸೆಲ್' ಅಂದರೆ ಒಬ್ಬರು ಎದ್ದುಹೋಗಿ ಹುಡುಕುತ್ತಾರೆ.

ಇನ್ನೊಂದು ಕಾವಲೂ ಬೇಕು. ಸಂಜೆ ಏಳು ಗಂಟೆಗೆ ಬ್ಯಾಗಿನಲ್ಲಿ ಏಳೆಂಟು ಪಾರ್ಸೆಲ್ ಉಳಿದಾಗ, ಹೋಗದೆಯೇ 'ಗ್ರಾಹಕರು ಸಿಗಲಿಲ್ಲ' ಅಂತ ಒತ್ತಿಬಿಡುವುದು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಎಂಟ್ರಿಗಳ ಸಮಯ ನೋಡಿದರೆ ಪತ್ತೆಯಾಗುತ್ತದೆ. ಹತ್ತು ನಿಮಿಷದೊಳಗೆ ಐದಾರು ಬೇರೆ ಬೇರೆ ಬೀದಿಗಳ ಮನೆಗಳು ಒಟ್ಟಿಗೆ 'ಸಿಗಲಿಲ್ಲ' ಆಗಿರುತ್ತವೆ. ಪ್ರತಿ ವಾರ ಅಂಥ ಎಂಟ್ರಿಗಳಲ್ಲಿ 20ನ್ನು ಕಣ್ಣುಮುಚ್ಚಿ ಆರಿಸಿ ಗ್ರಾಹಕರಿಗೆ ಫೋನ್ ಮಾಡಿಸಿ. 'ಯಾರೂ ಬಂದೇ ಇಲ್ಲ' ಅಂದವರೆಷ್ಟು ಅನ್ನುವುದೇ ಪುಟದ ನಾಲ್ಕನೇ ಸಂಖ್ಯೆ. ಅದು ಏರಿದರೆ ಹುಡುಗರನ್ನು ಬಯ್ಯುವ ಮೊದಲು ಅವರ ಬ್ಯಾಗ್ ನೋಡಿ. 50 ಪಾರ್ಸೆಲ್ ಆ ರೂಟಿಗೆ ಜಾಸ್ತಿ ಆಗಿರಬಹುದು.

ಇನ್ನು ಖರ್ಚು. ನಿಮ್ಮ ಹಾಳೆಯಲ್ಲಿ 'ಪ್ರತಿ ಟ್ರಿಪ್ಪಿಗೆ 20 ರೂಪಾಯಿ' ಅಂತಿದೆ. ವಾರದ ಖರ್ಚು 1,29,600 ರೂಪಾಯಿಯನ್ನು ಬಾಗಿಲಿಗೆ ಹೋದ ಒಟ್ಟು 6,480 ಸಲದಿಂದ ಭಾಗಿಸಿದ್ದೀರಿ. ಈ ಲೆಕ್ಕದಲ್ಲಿ ಒಂದೇ ಮನೆಗೆ ಎರಡೆರಡು ಸಲ ಹೋದಷ್ಟೂ ಖರ್ಚು ಕಡಿಮೆ ಕಾಣುತ್ತದೆ! ಮುಟ್ಟಿದ 4,860ರಿಂದ ಭಾಗಿಸಿ, 26 ರೂಪಾಯಿ 67 ಪೈಸೆ ಆಗುತ್ತದೆ. ಮೇಲಿನ ಕಂಪನಿ ನಿಮಗೆ ಮುಟ್ಟಿದ ಪಾರ್ಸೆಲ್ಲಿಗೆ ಮಾತ್ರ ದುಡ್ಡು ಕೊಡುವುದಾದರೆ, ಆ ದರದ ಪಕ್ಕ ಇಟ್ಟು ನೋಡಬೇಕಾದ್ದು ಇದನ್ನೇ.

ಕ್ಯಾಷ್ ಆನ್ ಡೆಲಿವರಿ ದುಡ್ಡನ್ನು ದಿನಾ ರಾತ್ರಿ ತಾಳೆ ನೋಡುತ್ತೀರಿ, ಸರಿ. ವಾರದ ಪುಟದಲ್ಲಿ 24 ಗಂಟೆ ಮೀರಿಯೂ ಜಮೆಯಾಗದ ಮೊತ್ತ ಒಂದಿದ್ದರೆ ಸಾಕು. ಒಟ್ಟು ಆರು ಸಂಖ್ಯೆ ಆಯಿತು. ಏಳನೆಯದು ಬೇಕೆನ್ನಿಸಿದರೆ ಆರರಲ್ಲಿ ಒಂದನ್ನು ಮೊದಲು ತೆಗೆಯಿರಿ.

ಪ್ರತಿ ಸಂಖ್ಯೆಯ ಪಕ್ಕ ಹಿಂದಿನ 12 ವಾರದ ಏರಿಳಿತ ತೋರಿಸುವ ಸಣ್ಣ ಗೆರೆ ಇರಲಿ. ಹೋದ ವಾರದ ಜೊತೆ ಮಾತ್ರ ಹೋಲಿಸಿದರೆ ಸುಮ್ನೆ ಗಾಬರಿ. ನಿಮ್ಮ ಇಡೀ ಹಬ್‌ನಲ್ಲಿ ಮೊದಲ ಸಲದ ಸಂಖ್ಯೆ 78ರಿಂದ 75ಕ್ಕೆ ಇಳಿದರೆ ಏನೋ ಆಗಿದೆ ಅಂತಲೇ ಅರ್ಥ. ಆದರೆ ವಾರಕ್ಕೆ 300 ಪಾರ್ಸೆಲ್ ಒಯ್ಯುವ ಒಬ್ಬ ಹುಡುಗನದು ಅಷ್ಟೇ ಇಳಿದರೆ, ಅದು ಒಂಬತ್ತು ಮನೆ ಬಾಗಿಲು ಹಾಕಿದ್ದಷ್ಟೇ. ಅದಕ್ಕೆ ಅವನನ್ನು ಕರೆದು ಕೇಳಬೇಡಿ. ದೀಪಾವಳಿ ಸೇಲಿನ ವಾರಗಳನ್ನು ಗೆರೆಯ ಮೇಲೆ ಗುರುತು ಹಾಕಿಡಿ.

ಭಾನುವಾರ ರಾತ್ರಿಯೇ ಪುಟ ತೆಗೆಯಬೇಡಿ. ಶನಿವಾರ ಹಾಕಿದ 'ಸಿಗಲಿಲ್ಲ' ಎಂಟ್ರಿಗಳ ಗ್ರಾಹಕರಿಗೆ ಫೋನ್ ಮಾಡುವುದು ಬಾಕಿ ಇರುತ್ತದೆ, ಕಡೆಯ ದಿನದ ಕ್ಯಾಷ್ ಜಮೆಯಾಗಿರುವುದಿಲ್ಲ. ಸೋಮವಾರ ಮಧ್ಯಾಹ್ನ ತೆಗೆಯಿರಿ, ರ್‍ಯಾಕಿನ ಎಣಿಕೆಯನ್ನು ಕಂಪ್ಯೂಟರಿನಿಂದ ತೆಗೆದುಕೊಳ್ಳದೆ ಒಬ್ಬರು ಹೋಗಿ ಕೈಯಾರೆ ಎಣಿಸಲಿ. ಎರಡರಲ್ಲೂ ಒಂದೇ ಸಂಖ್ಯೆ ಬರುತ್ತದೋ ಇಲ್ಲವೋ ನಾಲ್ಕು ವಾರ ನೋಡಿ ನನಗೆ ಬರೆಯಿರಿ.

— ಸಂಪಾದಕ